ಅಪ್‌ಡೇಟ್: ಡ್ರಾಫ್ಟ್ಸ್ ಕೊನೆಯಾಟದಲ್ಲಿ ಅಪೊಸಿಷನ್ ಲೆಕ್ಕ ಕೊನೆಗೂ ಹಿಡಿಯಿತು
ನಾನು ಕೇಳಿದ್ದು: "ಕಾಯಿ ಸಮ ಇದ್ದರೂ ಕೊನೆಯಲ್ಲಿ ನನಗೇ ನಡೆ ಯಾಕೆ ಮುಗಿಯುತ್ತದೆ?"

ನೀವು ಹೇಳಿದಂತೆ ಎಣಿಸಿದೆ. ಕಾಯಿ ಸಮ ಇದ್ದು ನನ್ನ ಸರದಿ ಬಂದಾಗ, ನನ್ನ ಕಡೆಯಿಂದ 1, 3, 5, 7ನೇ ಸಾಲಿನಲ್ಲಿರುವ ಇಬ್ಬರ ಕಾಯಿಗಳೂ ಸೇರಿ ಬೆಸ ಬಂದರೆ ಅಪೊಸಿಷನ್, ಅಂದರೆ ಕೊನೆಯ ನಡೆಯ ಹಿಡಿತ, ನನ್ನದು.

ನಿನ್ನೆ ಉಳಿದದ್ದು ಒಂದೊಂದೇ ಕಾಯಿ. ನನ್ನದು 24ನೇ ಮನೆಯಲ್ಲಿ, ಅಂದರೆ 3ನೇ ಸಾಲು, ಎದುರಾಳಿಯದು ಬಲ ಅಂಚಿನ 12ರಲ್ಲಿ, 6ನೇ ಸಾಲು. ಎಣಿಕೆ 1, ಬೆಸ! 20ಕ್ಕೆ ಇಟ್ಟೆ. ಅವನಿಗಿದ್ದದ್ದು 16 ಒಂದೇ ಮನೆ, ಬಂದ ತಕ್ಷಣ ಹಾರಿ ಹೊಡೆದೆ. ಸರದಿ ಅವನದಾಗಿದ್ದರೆ 16, ಆಮೇಲೆ 19 ಅಂತ ತಪ್ಪಿಸಿಕೊಂಡು ಹೋಗುತ್ತಿದ್ದ, ಅಲ್ವಾ?

ಎಣಿಕೆ ಸರಿಸಂಖ್ಯೆ ಬಂದರೆ ಈಗ ಸುಮ್ನೆ ನಡೆಸುವುದಿಲ್ಲ, ಒಂದಕ್ಕೊಂದು ಹೊಡೆಸಿಕೊಳ್ಳುವ ದಾರಿ ಹುಡುಕುತ್ತೇನೆ, ಜಾಸ್ತಿ ಸಲ ಅದರಿಂದ ಲೆಕ್ಕ ತಿರುಗುತ್ತದೆ. ಆದರೆ ಅವನ ರಾಜ ಎರಡು ಮನೆಗಳಿರುವ ಜೋಡಿ ಮೂಲೆ ಸೇರಿದರೆ ಅಪೊಸಿಷನ್ ಇದ್ದೂ ಡ್ರಾ.