ಹಮಾಲಿ ಗುತ್ತೇದಾರನ ಬಿಲ್ ಲಕ್ಷ ದಾಟಿದ್ರೂ ಶೀಟ್‌ನಾಗ ಟಿಡಿಎಸ್ ಸೊನ್ನಿ

ಬೇಳೆಮಿಲ್ ಕಲಬುರಗಿ: 2025-26ರ ಶೀಟ್ ಕೈಕೊಟ್ಟದ. ಲೋಡಿಂಗ್ ಗುತ್ತೇದಾರಂದು ಏಪ್ರಿಲ್ 28,000, ಜೂನ್ 29,000, ಆಗಸ್ಟ್ 27,000, ನವೆಂಬರ್ 26,000. ಟಿಡಿಎಸ್ ಕಾಲಂ ಎಲ್ಲಾ ಸೊನ್ನಿ. ಆಡಿಟರ್ ನೋಡಿದ್ರ ನವೆಂಬರ್ ಬಿಲ್‌ನಾಗ 1,100 ಮುರೀರಿ ಅಂತಾರ. 26,000ಕ್ಕ 1,100 ಹೆಂಗ ಆಗ್ತದ?

ಯಾದಗಿರಿ ಅಕೌಂಟ್ಸ್: ಬಿಲ್‌ನಾಗ ಜಿಎಸ್‌ಟಿ ಸೇರ್ಯದೇನು ನೋಡ್ರಿ. ಬೇರೆ ತೋರಿಸಿದ್ರ ಅದನ್ನ ಬಿಟ್ಟು ಲೆಕ್ಕ ಹಿಡೀಬೇಕು.

ಬೇಳೆಮಿಲ್ ಕಲಬುರಗಿ: ಅವರಿಗಿ ಜಿಎಸ್‌ಟಿ ಇಲ್ಲರೀ.

ಬೀದರ್ ಲಾರಿ: ನಮ್ಮದು ಆರು ಲಾರಿ, ಪ್ಯಾನ್ ಕೊಟ್ಟು ಡಿಕ್ಲರೇಶನ್ ಬರಕೊಟ್ಟೀವಿ. ಯಾರೂ ಮುರಿಯೂದಿಲ್ಲ. ನಿಮ್ಮವರಿಂದಾನೂ ಬರಸ್ಕೊರಿ.

ಲೆಡ್ಜರ್ ಸೇಡಂ: ಅದು ಹತ್ತು ಗಾಡಿ ತನಕ ಇರೋ ಸಾಗಣೆದಾರರಿಗಷ್ಟೇ. ಹಮಾಲಿಗೆ ನಡೆಯೂದಿಲ್ಲ. ಬೇಳೆಮಿಲ್ ಅವರೇ, ಫಾರ್ಮುಲಾ ಹಾಕ್ರಿ. ಅದಿಲ್ಲದ ಹೇಳೂದು ಹೆಂಗ?

ಬೇಳೆಮಿಲ್ ಕಲಬುರಗಿ: ಬಿ ಪ್ಯಾನ್, ಡಿ ಮೊತ್ತ, ಇ ಕ್ವಾರ್ಟರ್, ಎಫ್ ದರ, ಜಿ ಟಿಡಿಎಸ್.
```
=IF(SUMIFS(D:D,B:B,B5,E:E,E5)>100000,D5*F5,0)
```

ಲೆಡ್ಜರ್ ಸೇಡಂ: ಸಿಕ್ತು. ಪ್ರತಿ ಕ್ವಾರ್ಟರ್‌ಗೆ ಎಣಿಕೆ ಹೊಸದಾಗಿ ಶುರು ಆಗ್ಲಿಕತ್ತದ: 57,000, 27,000, 26,000. ಗುತ್ತೇದಾರರ ಟಿಡಿಎಸ್ ಕಲಂ 194ಸಿ, ಅದರ ಮಿತಿ ಏಪ್ರಿಲ್‌ನಿಂದ ಮಾರ್ಚ್ ತನಕ ಒಂದೇ. ಕ್ವಾರ್ಟರ್ ಬೇಕಾಗೋದು ಸಾರಾಂಶಕ್ಕ ಮಾತ್ರ.

ಯಾದಗಿರಿ ಅಕೌಂಟ್ಸ್: ಒಟ್ಟು 1,10,000. ದಾಟಿದ್ದು 10,000, ಅದಕ್ಕ ನೂರು ರೂಪಾಯಿ ಸಾಕು.

ಲೆಡ್ಜರ್ ಸೇಡಂ: ಹೆಚ್ಚಾದ ಭಾಗಕ್ಕಷ್ಟೇ ಅನ್ನೋದು 194ಕ್ಯೂ, 50 ಲಕ್ಷ ಮೀರಿದ ಸರಕು ಖರೀದಿಗೆ. ಇಲ್ಲಿ ಒಟ್ಟು ಲಕ್ಷ ದಾಟಿದ್ರ ಹಿಂದಿನ ಬಿಲ್ ಎಲ್ಲಾ ಲೆಕ್ಕಕ್ಕ ಬರ್ತಾವ. ಪ್ಯಾನ್‌ನ ನಾಕನೇ ಅಕ್ಷರ `P` ಇದ್ರ ಒಂದು ಪರ್ಸೆಂಟ್, ಫರ್ಮ್ ಆಗಿದ್ರ ಎರಡು. 1,10,000ಕ್ಕ 1,100, ಆಡಿಟರ್ ಹೇಳಿದ್ದು ಖರೆ.

ಬರೇ ಇ ಕಾಲಂ ತೆಗೆದು ಬಿಡಬ್ಯಾಡ್ರಿ. `D:D` ಇಡೀ ವರ್ಷ ಕೂಡಿಸ್ತದ, ಆಗ ಏಪ್ರಿಲ್ ಸಾಲಿನಾಗ ತಾನಾಗೇ 280 ಮೂಡಿ, ಸಲ್ಲಿಸಿದ ಕ್ವಾರ್ಟರ್ ಸಾರಾಂಶ ಕೆಡ್ತದ. ಆ ಸಾಲಿನ ತನಕ ಮಾತ್ರ ಕೂಡಿಸಿ, ಮೊದಲೇ ಮುರಿದಿದ್ದು ಕಳೀರಿ. ಒಂದೇ ಬಿಲ್ 30,000 ದಾಟಿದ್ರೂ ಮುರೀಬೇಕು. ಐದನೇ ಸಾಲಿಗೆ:
```
=IF(SUMIFS(D$2:D5,B$2:B5,B5)>100000,
 ROUND(SUMIFS(D$2:D5,B$2:B5,B5)*F5,0)-SUMIFS(G$1:G4,B$1:B4,B5),
 IF(D5>30000,ROUND(D5*F5,0),0))
```
194ಸಿಗೆ ಬೇರೆ ಶೀಟ್ ಇಡ್ರಿ, ಬಿಲ್ ತಾರೀಖಿನ ಕ್ರಮ ತಪ್ಪಬಾರದು. ನವೆಂಬರ್‌ನಾಗ ಮುರಿದಿದ್ದು ಡಿಸೆಂಬರ್ 7ರ ಒಳಗ ಕಟ್ರಿ. ಮೂರನೇ ಕ್ವಾರ್ಟರ್ ಟಿಡಿಎಸ್ ರಿಟರ್ನ್ `26Q`ಗೆ ಜನವರಿ 31 ಕಡೇ ದಿನ.

ಯಾದಗಿರಿ ಅಕೌಂಟ್ಸ್: `26Q`ದಾಗ ನಾಕು ಸಾಲು ಹಾಕ್ಬೇಕು, ಬಿಲ್‌ಗೊಂದು.

ಲೆಡ್ಜರ್ ಸೇಡಂ: ನಾ ನವೆಂಬರ್ ತಾರೀಖಿನ ಮ್ಯಾಲೆ ಒಂದೇ ಸಾಲು, 1,10,000 ಅಂತ ಹಾಕ್ತೀನಿ. ಇದನ್ನ ನಿಮ್ಮ ಆಡಿಟರ್ ಹೇಳಿದಂಗ ಮಾಡ್ರಿ.

ಬೇಳೆಮಿಲ್ ಕಲಬುರಗಿ: 1,100 ಬಂತು. ಆದ್ರ ಪ್ಯಾನ್ ಕೊಡದ ಫರ್ಶಿ ಕೆಲಸದವರದ್ದು ಒಟ್ಟು 1,40,000 ಆದ್ರೂ ಸೊನ್ನಿ. ಎಲ್ಲಾ 30,000 ಒಳಗಿನ ಬಿಲ್.

ಲೆಡ್ಜರ್ ಸೇಡಂ: ಬಿ ಕಾಲಂ ಖಾಲಿ ಇದ್ರ `SUMIFS` ಆ ಸಾಲು ಹಿಡಿಯೂದಿಲ್ಲ. ಅಲ್ಲಿ `NOPAN-1` ಬರೀರಿ, ಮುಂದಿನವರಿಗೆ `NOPAN-2`. ದರ 20 ಪರ್ಸೆಂಟ್, ಅಂದ್ರ 28,000. ಮುಂದಿನ ಬಿಲ್ ಕೊಡೂಕಿಂತ ಮೊದಲೇ ಪ್ಯಾನ್ ಕೇಳ್ರಿ.