ಚೀಟಿ ಕೂಡಿದರೆ ಬಿಲ್ ಬರಲಿಲ್ಲ: ಡೆವಲಪರ್‌ಗಳ ಮುಂದೆ ಏನು ಹೇಳಲಿ?

ಪ್ರಶ್ನೆ, ತುಮಕೂರಿನ ಟೆಸ್ಟರ್:
ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಡೆವಲಪರ್‌ಗಳು ಹನ್ನೊಂದು ಜನ, ಟೆಸ್ಟರ್‌ಗಳು ಇಬ್ಬರೇ. ರಿಲೀಸ್ ಆದಮೇಲೆ ಬಗ್ ಸಿಕ್ಕರೆ ಮೊದಲು ಬರೋ ಮಾತು, "ಟೆಸ್ಟಿಂಗ್‌ನವರು ನೋಡಲಿಲ್ವಾ?" ಶನಿವಾರ ಡೆವಲಪರ್‌ಗಳಿಗೆ ಅರ್ಧ ಗಂಟೆ ಮಾತಾಡಿ ಅಂತ ಮ್ಯಾನೇಜರ್ ಹೇಳಿದ್ದಾರೆ. ಕ್ವಾಲಿಟಿ ಎಲ್ಲರ ಜವಾಬ್ದಾರಿ ಅಂತ ಸುಮ್ನೆ ಹೇಳಿದರೆ ಯಾರೂ ಕೇಳಲ್ಲ. ಏನು ಹೇಳಲಿ?

ಉತ್ತರ, ಚಿಕ್ಕಬಳ್ಳಾಪುರದಿಂದ. ಮೊದಲು ಡೆವಲಪರ್, ಈಗ ಟೆಸ್ಟ್ ಲೀಡ್:
ಆ ವಾಕ್ಯವನ್ನು ಸ್ಲೈಡ್‌ನಲ್ಲಿ ಹಾಕಲೇಬೇಡಿ ಮೇಡಂ. ಒಂದೇ ಒಂದು ಬಗ್ ತಗೊಳ್ಳಿ. ಅದು ಯಾವ ದಿನ, ಯಾರ ಕೈಯಲ್ಲಿ ಹುಟ್ಟಿತು ಅಂತ ತೋರಿಸಿ. ನಿಮ್ಮಲ್ಲಿ ಅಂಥದ್ದು ಇಲ್ಲದಿದ್ದರೆ ನನ್ನದೇ ಹೇಳಿ, ಬೇಜಾರಿಲ್ಲ.

ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡುವ ಟೀಮಿನಲ್ಲಿದ್ದೆ. ರೈತರು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಹಾಕುತ್ತಾರೆ. ಪ್ರತಿ ಸಲಕ್ಕೂ ಒಂದು ಚೀಟಿ, ಹದಿನೈದು ದಿನಕ್ಕೆ ಒಂದು ಬಿಲ್. ಚೀಟಿಯ ಕೋಡ್ ನನ್ನದು, ಬಿಲ್ಲಿನ ಕೋಡ್ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನದು.

ಲೆಕ್ಕ ಸುಲಭ ಆಗಲಿ ಅಂತ ದಿನಾ ಒಂದೇ ಅಳತೆ, ಒಂದೇ ದರ ಅಂದುಕೊಳ್ಳಿ. 3.7 ಲೀಟರ್, ಲೀಟರಿಗೆ 32.35 ರೂಪಾಯಿ. ಗುಣಿಸಿದರೆ 119.695. ನನ್ನ ಚೀಟಿ ಅದನ್ನು 119.70 ಅಂತ ರೌಂಡ್ ಮಾಡಿ ಪ್ರಿಂಟ್ ಮಾಡುತ್ತಿತ್ತು. ಅವನ ಬಿಲ್ ಮೂವತ್ತು ಸಲದ ಮೊತ್ತವನ್ನು ರೌಂಡ್ ಮಾಡದೆ ಕೂಡಿ, ಕೊನೆಯಲ್ಲಿ ಒಂದು ಸಲ ರೌಂಡ್ ಮಾಡುತ್ತಿತ್ತು. ಬಿಲ್ಲಿನಲ್ಲಿ 3590.85. ರೈತ ಕೈಯಲ್ಲಿರೋ ಮೂವತ್ತು ಚೀಟಿ ಕೂಡಿದರೆ 3591.00.

ಹದಿನೈದು ಪೈಸೆಗೆ ಯಾರು ಜಗಳ ಆಡುತ್ತಾರೆ ಅಂತ ನಾವು ನಕ್ಕಿದ್ದೆವು. ಶಿಡ್ಲಘಟ್ಟ ಕಡೆಯ ಒಂದು ಡೇರಿಯಲ್ಲಿ ಒಬ್ಬ ತಾತ ಚೀಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ತಂದು ಸೆಕ್ರೆಟರಿ ಟೇಬಲ್ ಮೇಲೆ ಇಟ್ಟರು. ಅವರ ಪ್ರಶ್ನೆ ಪೈಸೆದಲ್ಲ. "ಕೂಡೋದೇ ತಪ್ಪಿದ್ರೆ ಅಳತೆ ಹೆಂಗೆ ನಂಬ್ಲಿ?" ಸೆಕ್ರೆಟರಿ ಬಳಿ ಉತ್ತರ ಇರಲಿಲ್ಲ.

ಆಫೀಸಿನಲ್ಲಿ ಎಲ್ಲರೂ ಟೆಸ್ಟರ್ ಕಡೆ ತಿರುಗಿದರು. ಆಕೆ ಚೀಟಿ ನೋಡಿದ್ದರು, ಸರಿ ಇತ್ತು. ಬಿಲ್ ನೋಡಿದ್ದರು, ಅದೂ ಸರಿ ಇತ್ತು. ಎರಡೂ ಬೇರೆ ಬೇರೆ ಟಿಕೆಟ್. ಎರಡನ್ನೂ ತಾಳೆ ನೋಡು ಅನ್ನೋ ಟಿಕೆಟ್ ಇರಲೇ ಇಲ್ಲ. ಕೋಡ್ ಆಕೆಯ ಕೈಗೆ ಬಂದದ್ದು ರಿಲೀಸ್‌ಗೆ ಎರಡು ದಿನ ಮುಂಚೆ. 4 ಲೀಟರ್, 30 ರೂಪಾಯಿ ಅಂತ ಪೂರ್ಣಸಂಖ್ಯೆ ಹಾಕಿ ನೋಡಿದ್ದರು. ಅದರಲ್ಲಿ ಈ ತಪ್ಪು ಕಾಣಿಸೋದೇ ಇಲ್ಲ.

ಈಗ ಶನಿವಾರ ಹೇಳಬೇಕಾದ ಮಾತು. ಕೋಡ್ ಬರೆಯುವಾಗ "ಪೈಸೆಯನ್ನು ಚೀಟಿಯಲ್ಲೇ ರೌಂಡ್ ಮಾಡಬೇಕಾ, ಬಿಲ್ಲಿನಲ್ಲಾ?" ಅನ್ನೋ ಅನುಮಾನ ನನಗೆ ಬಂದಿತ್ತು. ಅರ್ಧ ನಿಮಿಷ ಯೋಚಿಸಿ, ನನಗೆ ತೋಚಿದ್ದು ಬರೆದು ಮುಂದೆ ಹೋದೆ. ಪಕ್ಕದವನಿಗೂ ಅದೇ ಅನುಮಾನ ಬಂದಿತ್ತಂತೆ, ಅವನು ಬೇರೆ ಥರ ತೀರ್ಮಾನ ಮಾಡಿದ. ಆ ಅರ್ಧ ನಿಮಿಷದಲ್ಲಿ ಅಲ್ಲಿ ಟೆಸ್ಟರ್ ಇರಲಿಲ್ಲ, ಇರೋಕೂ ಆಗಲ್ಲ. ಇಂಥ ತೀರ್ಮಾನಗಳನ್ನು ದಿನಕ್ಕೆ ಹತ್ತಿಪ್ಪತ್ತು ಸಲ ಡೆವಲಪರ್ ಒಬ್ಬನೇ ಮಾಡುತ್ತಾನೆ, ಎಲ್ಲೂ ಬರೆದಿಡಲ್ಲ. ಬರೆದಿಡದ್ದನ್ನು ಕೊನೆಯಲ್ಲಿ ಹುಡುಕು ಅಂದರೆ ಟೆಸ್ಟರ್ ಎಲ್ಲಿ ಹುಡುಕಬೇಕು?

ಸರಿ ಮಾಡಿದ್ದು ಹೀಗೆ. ಸೆಕ್ರೆಟರಿಗೆ ಫೋನ್ ಮಾಡಿ ಕೇಳಿದೆವು. ಅವರು ಒಂದೇ ಮಾತಲ್ಲಿ, "ಚೀಟಿಯಲ್ಲಿ ಬಂದಿದ್ದೇ ದುಡ್ಡು, ಬಿಲ್ ಅಂದರೆ ಚೀಟಿಗಳ ಮೊತ್ತ." ಲೆಕ್ಕ ಒಂದೇ ಕಡೆ ಇರುವಂತೆ ಮಾಡಿ, ಮೊತ್ತವನ್ನು ಪೈಸೆಯಲ್ಲಿ ಪೂರ್ಣಸಂಖ್ಯೆಯಾಗಿ ಇಟ್ಟೆವು. ಚೀಟಿ, ಬಿಲ್ ಎರಡೂ ಅದನ್ನೇ ಓದುತ್ತವೆ. ಆಮೇಲೆ ಈ ಒಂದು ಸಾಲು:

```
assert bill_total([11970] * 30) == 359100
```

ಫೋನ್ ಮಾಡಿದ್ದು ಎರಡು ನಿಮಿಷ. ಆಗಲೇ ಹಂಚಿಹೋಗಿದ್ದ ಬಿಲ್‌ಗಳನ್ನು ಡೇರಿ ಡೇರಿಗೂ ಹೋಗಿ ಮತ್ತೆ ಪ್ರಿಂಟ್ ಮಾಡಿಕೊಟ್ಟದ್ದು ಒಂದು ವಾರ.

ಗೌರಿಬಿದನೂರಿನ ಡೆವಲಪರ್:
ಯುನಿಟ್ ಟೆಸ್ಟ್ ಬರೆಯೋ ಅಭ್ಯಾಸ ಇದ್ದಿದ್ದರೆ ಇದು ಆಗ್ತಾನೇ ಇರಲಿಲ್ಲ ಗುರು. ನಮ್ಮಲ್ಲಿ ಕವರೇಜ್ 80 ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಮರ್ಜ್ ಆಗೋದಿಲ್ಲ. ಡೆವಲಪರ್ ಜವಾಬ್ದಾರಿ ಅಂದರೆ ಅಷ್ಟೇ.

ಚಿಕ್ಕಬಳ್ಳಾಪುರ:
ಅರ್ಧ ಒಪ್ಪುತ್ತೇನೆ. ಯುನಿಟ್ ಟೆಸ್ಟ್ ಬೇಕೇ ಬೇಕು. ಆದರೆ ನಮ್ಮಿಬ್ಬರ ಕೋಡಿಗೂ ಟೆಸ್ಟ್ ಇತ್ತು, ಎರಡೂ ಹಸಿರು. ನನ್ನ ಟೆಸ್ಟ್ ನನ್ನ ಊಹೆಯನ್ನೇ ಪರೀಕ್ಷೆ ಮಾಡುತ್ತಿತ್ತು, ಅವನದು ಅವನ ಊಹೆಯನ್ನು. ಕವರೇಜ್ ನೂರಕ್ಕೆ ನೂರು ಇದ್ದಿದ್ದರೂ ಚೀಟಿ ಮತ್ತು ಬಿಲ್ ಬೇರೆ ಬೇರೆ ದಾರಿ ಹಿಡಿದಿವೆ ಅಂತ ಗೊತ್ತಾಗುತ್ತಿರಲಿಲ್ಲ. ಕವರೇಜ್ ಹೇಳೋದು ಯಾವ ಸಾಲು ಓಡಿತು ಅಂತ. ಆ ಸಾಲು ಇರಬೇಕಾದ್ದು ಹಾಗೇನಾ ಅಂತಲ್ಲ.

ಇನ್ನೊಂದು ಪಾಠವೂ ಆಯ್ತು. ರೌಂಡ್ ಮಾಡೋಕೆ ನಾನು ನಂಬಿದ್ದು ಜಾವಾಸ್ಕ್ರಿಪ್ಟ್‌ನ `toFixed`. ಬ್ರೌಸರ್ ಕನ್ಸೋಲಿನಲ್ಲಿ `(1.005).toFixed(2)` ಹಾಕಿ ನೋಡಿ, `1.01` ಅಲ್ಲ, `1.00` ಬರುತ್ತದೆ. 1.005 ಕಂಪ್ಯೂಟರಿನೊಳಗೆ ಕೂದಲೆಳೆಯಷ್ಟು ಕಡಿಮೆಯಾಗಿ ಕೂತಿರುತ್ತದೆ. ಶನಿವಾರ ಇದನ್ನು ಪರದೆ ಮೇಲೆ ಮಾಡಿ ತೋರಿಸಿ ಮೇಡಂ, ನಿದ್ದೆ ಹೊಡೆಯೋರೂ ಎದ್ದು ಕೂರುತ್ತಾರೆ.

ಕೋಲಾರದ ಹುಡುಗ:
ಸರ್, ನಾನು ಈ ವರ್ಷ ಬಿಸಿಎ ಮುಗಿಸಿದೆ. ಟೆಸ್ಟಿಂಗ್ ಎಲ್ಲರೂ ಮಾಡ್ತಾರೆ ಅಂದರೆ ಟೆಸ್ಟರ್ ಕೆಲಸ ಹೋಗತ್ತೆ ಅಲ್ವಾ? ಟೆಸ್ಟಿಂಗ್ ಕೋರ್ಸ್ ಸೇರೋದು ಬೇಡ್ವಾ?

ಚಿಕ್ಕಬಳ್ಳಾಪುರ:
ಇಲ್ಲಪ್ಪ, ಇಲ್ಲಿ ಹೇಳ್ತಿರೋದು ಅದಲ್ಲ. ಆ ಟೆಸ್ಟರ್ ಕೊನೆಯ ಎರಡು ದಿನದ ಬದಲು ಮೊದಲ ದಿನವೇ ಕೂತಿದ್ದರೆ "ಚೀಟಿ ಕೂಡಿದರೆ ಬಿಲ್ ಬರಬೇಕಲ್ವಾ?" ಅಂತ ಅವರೇ ಮೊದಲು ಕೇಳುತ್ತಿದ್ದರು. ಕೆಲಸ ಹೋಗಲ್ಲ, ಕೂರೋ ಜಾಗ ಬದಲಾಗುತ್ತದೆ. ಕೋರ್ಸ್ ವಿಷಯ ಬೇರೆ ಪೋಸ್ಟ್ ಹಾಕು.

ಮಾಲೂರಿನ ಅಕೌಂಟೆಂಟ್:
ನಾನು ಕೋಡ್ ಬರೆಯೋಳಲ್ಲ. ಟೊಮೆಟೊ ಮಂಡಿಯೊಂದರ ಲೆಕ್ಕ ನೋಡ್ತೀನಿ. 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ವ್ಯಾಪಾರ. ನಮ್ಮ ಸಾಫ್ಟ್‌ವೇರ್‌ನಲ್ಲಿ ಅರ್ಧ ಬಾಕ್ಸ್ ಹಾಕೋಕೇ ಬರಲ್ಲ, ಸುಮ್ನೆ 1 ಅಂತ ಹಾಕಿ ಪುಸ್ತಕದಲ್ಲಿ ಕೈಯಲ್ಲಿ ತಿದ್ದುತ್ತೀವಿ. ಯಾರಾದರೂ ಬರೆಯೋ ಮುಂಚೆ ನಮ್ಮನ್ನು ಕೇಳಿದ್ದರೆ ಹೇಳ್ತಿದ್ದೆವು.

ತುಮಕೂರು:
ಅಕ್ಕ, ನಿಮ್ಮ ಅರ್ಧ ಬಾಕ್ಸ್ ಶನಿವಾರಕ್ಕೆ ಬಳಸಿಕೊಳ್ಳಲಾ? ಸರ್, ಒಂದು ಅನುಮಾನ. ಫ್ಯಾಟ್ ದಿನಾ ಬದಲಾಗುತ್ತೆ, ದರವೂ. ಒಂದು ದಿನ ಮೇಲಕ್ಕೆ, ಒಂದು ದಿನ ಕೆಳಕ್ಕೆ ರೌಂಡ್ ಆಗಿ ಸರಿಹೋಗಲ್ವಾ? ನಮ್ಮ ಹುಡುಗರು ಇದನ್ನೇ ಕೇಳ್ತಾರೆ.

ಚಿಕ್ಕಬಳ್ಳಾಪುರ:
ಹೌದು, ಎಷ್ಟೋ ಬಿಲ್‌ಗಳಲ್ಲಿ ವ್ಯತ್ಯಾಸ ಎರಡು ಮೂರು ಪೈಸೆ, ಕೆಲವದರಲ್ಲಿ ಸೊನ್ನೆ. ಅದಕ್ಕೇ ಇದು ಅಷ್ಟು ದಿನ ಅಡಗಿ ಕೂತಿತ್ತು. ಒಂದು ಸಲ ಸರಿ, ಒಂದು ಸಲ ತಪ್ಪು ಅನ್ನೋ ಬಗ್ ಟೆಸ್ಟರ್‌ಗೆ ಕೊನೆಯಲ್ಲಿ ಸಿಗೋದು ಅದೃಷ್ಟ ಇದ್ದರೆ ಮಾತ್ರ.

ಆಮೇಲೆ ನಾವು ಇಟ್ಟುಕೊಂಡ ಪದ್ಧತಿ ಚಿಕ್ಕದು. ಟಿಕೆಟ್ ಎತ್ತಿಕೊಳ್ಳುವ ಡೆವಲಪರ್, ಟೆಸ್ಟರ್, ಕೆಲಸ ಗೊತ್ತಿರೋ ಒಬ್ಬರು, ಇಪ್ಪತ್ತು ನಿಮಿಷ ಕೂರೋದು. ಡೆವಲಪರ್ ಅಂಕಿ ಇರುವ ಮೂರು ಉದಾಹರಣೆ ತರಬೇಕು, ಅದರಲ್ಲಿ ಒಂದು ಸೊಟ್ಟ ಅಂಕಿ ಇರಬೇಕು. ಉತ್ತರ ಸಿಗದ ಪ್ರಶ್ನೆ ಉಳಿದರೆ ಕೋಡ್ ಶುರು ಮಾಡೋ ಹಾಗಿಲ್ಲ.

ಗೌರಿಬಿದನೂರು:
ಇದೆಲ್ಲ ಸರಿ. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ ಅಂತಾಗಲ್ವಾ? ರಿಲೀಸ್ ದಿನ ರಾತ್ರಿ "ಬೇಡ, ನಿಲ್ಲಿಸಿ" ಅನ್ನೋರು ಯಾರು?

ಚಿಕ್ಕಬಳ್ಳಾಪುರ:
ನಮ್ಮಲ್ಲಿ ಟಿಕೆಟ್ ಯಾರ ಹೆಸರಲ್ಲಿದೆಯೋ ಅವರು. ಟೆಸ್ಟರ್ ಕಂಡದ್ದು ಹೇಳುತ್ತಾರೆ, ಸಹಿ ಹಾಕಲ್ಲ. ನಮ್ಮ ಮ್ಯಾನೇಜರ್ ಇದನ್ನು ಇನ್ನೂ ಪೂರ್ತಿ ಒಪ್ಪಿಲ್ಲ, ಒಬ್ಬರ ಸಹಿ ಬೇಕು ಅಂತಾರೆ.

ತುಮಕೂರು:
ನಮ್ಮಲ್ಲಿ ಕೆಲಸ ಗೊತ್ತಿರೋರು ಕ್ಲೈಂಟ್ ಕಡೆ ಇದ್ದಾರೆ. ಇಪ್ಪತ್ತು ನಿಮಿಷ ಕೂರೋದಿರಲಿ, ಫೋನೇ ಎತ್ತಲ್ಲ.

ಚಿಕ್ಕಬಳ್ಳಾಪುರ:
ಹಾಗಾದರೆ ಊಹೆಯನ್ನೇ ಅಂಕಿ ಸಮೇತ ಟಿಕೆಟ್‌ನಲ್ಲಿ ಬರೆದು ಕಳಿಸಿ. "119.695 ಅನ್ನು 119.70 ಮಾಡುತ್ತಿದ್ದೇವೆ, ಬಿಲ್ 3591.00 ಬರುತ್ತದೆ." ಪ್ರಶ್ನೆ ಕೇಳಿದರೆ ಸುಮ್ಮನಿರೋರು ತಪ್ಪು ಅಂಕಿ ಕಂಡರೆ ಫೋನ್ ಮಾಡೋದು ಜಾಸ್ತಿ. ಅದಕ್ಕೂ ಉತ್ತರ ಕೊಡದ ಒಬ್ಬ ಕ್ಲೈಂಟ್ ನಮಗೂ ಇದ್ದಾರೆ. ಅವರಿಗೆ ಏನು ಮಾಡೋದು ಅಂತ ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.