ಸಜ್ಜೆ, ತೊಗರಿ ಮತ್ತು ಪ್ರಾರ್ಥನೆಯ ಸಾಲು

"ಅಣ್ಣಾ, ನಮ್ಮ ಹುಡುಗ ಈಗ ಎಂಟನೇ ಕ್ಲಾಸು. ಸಾಲಿನಲ್ಲಿ ದಿನಾ ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ ಅಂತ ಶಾಲೆಗೇ ಹೋಗಲ್ಲ ಅಂತಾನೆ. ನೀನು ಪ್ರಾರ್ಥನೆಯಲ್ಲಿ ಮಕ್ಕಳಿಗೆ ಎತ್ತರದ ಬಗ್ಗೆ ಮಾತಾಡಿದೆಯಂತೆ. ಏನು ಹೇಳಿದೆ? ಟಿವಿಯಲ್ಲಿ ಬರೋ ಪುಡಿ ಕೊಡಿಸಲಾ?"

ತಂಗಿ, ಪುಡಿ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದು ಸ್ವಲ್ಪ ಉದ್ದ ಇದೆ, ಅಡುಗೆ ಮುಗಿಸಿಕೊಂಡು ನಿಧಾನವಾಗಿ ಕೇಳು.

ಸೋಮವಾರ ಬೆಳಿಗ್ಗೆ ನಮ್ಮ ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನ ಮುಂದೆ ನಿಂತಿದ್ದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬೆನ್ನು ಬಾಗಿಸಿ, ಮೊಣಕಾಲು ಸ್ವಲ್ಪ ಮಡಚಿಕೊಂಡು ನಿಂತಿದ್ದಳು. ಪಕ್ಕದ ಸಾಲಿನ ಹುಡುಗರಿಗಿಂತ ಎತ್ತರ ಕಾಣಬಾರದು ಅಂತ. ಅದೇ ಕ್ಲಾಸಿನ ಇನ್ನೊಬ್ಬ ಹುಡುಗ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಾಡಗೀತೆ ಹಾಡುತ್ತಿದ್ದ. ನನಗೆ ಕರುಳು ಚುರುಕ್ ಅಂತು. ಅವತ್ತು ಬೇರೆ ಏನೋ ಹೇಳಬೇಕು ಅಂದುಕೊಂಡಿದ್ದೆ, ಅದನ್ನು ಬಿಟ್ಟು ಇದನ್ನೇ ಹೇಳಿದೆ.

ನಮ್ಮ ಕುಷ್ಟಗಿ ಕಡೆಯ ಮಕ್ಕಳು, ಹೊಲ ನೋಡಿದವರೇ. "ಸಜ್ಜೆ ಸಾಲಿನ ನಡುವೆ ತೊಗರಿ ಹಾಕುವವರು ಯಾರ ಮನೆಯಲ್ಲಿದ್ದಾರೆ?" ಅಂದೆ. ಅರ್ಧಕ್ಕಿಂತ ಜಾಸ್ತಿ ಕೈ ಮೇಲೆ ಬಂದವು. "ಶ್ರಾವಣದಲ್ಲಿ ಹೊಲಕ್ಕೆ ಹೋದರೆ ಏನು ಕಾಣುತ್ತದೆ?" "ಸಜ್ಜೆ ಸರ್." "ತೊಗರಿ?" "ಕೆಳಗೆ ಇರುತ್ತದೆ ಸರ್, ಸಣ್ಣದು." "ದೀಪಾವಳಿಗೆ?" ಒಬ್ಬ ಸಣ್ಣ ಹುಡುಗ ಮುಂದಿನಿಂದಲೇ ಕೂಗಿದ: "ಸಜ್ಜೆ ಕೊಯ್ದಾಗಿರುತ್ತದೆ ಸರ್, ತೊಗರಿ ಎದೆಮಟ್ಟ ಬಂದಿರುತ್ತದೆ!" ಅವನೇ ತುದಿಗಾಲಲ್ಲಿ ನಿಂತಿದ್ದವನು.

ಅಲ್ಲಿಂದ ಮೈಯ ವಿಷಯಕ್ಕೆ ಬಂದೆ. ನಮ್ಮ ಕೈಕಾಲಿನ ಉದ್ದ ಎಲುಬುಗಳ ತುದಿಯ ಹತ್ತಿರ ಮೆತ್ತನೆಯ ಒಂದು ಪದರ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲೇ. ಚಿಕ್ಕ ವಯಸ್ಸಿನಲ್ಲಿ ಮಗು ವರ್ಷಕ್ಕೆ 5–6 ಸೆಂಟಿಮೀಟರ್ ನಿಧಾನವಾಗಿ ಬೆಳೆಯುತ್ತದೆ. ದೊಡ್ಡವರಾಗುವ ವಯಸ್ಸು ಶುರುವಾದ ಮೇಲೆ ಒಂದೆರಡು ವರ್ಷ ಓಟ. ಆ ಓಟ ಜೋರಾಗಿರುವ ವರ್ಷದಲ್ಲಿ ಹುಡುಗಿಯರು ಸುಮಾರು 8, ಹುಡುಗರು ಸುಮಾರು 9–10 ಸೆಂಟಿಮೀಟರ್ ಬೆಳೆಯುತ್ತಾರೆ. ಓಟ ಕೊಡುವ ಹಾರ್ಮೋನೇ ಕೊನೆಗೆ ಆ ಮೆತ್ತನೆ ಪದರವನ್ನು ಗಟ್ಟಿ ಎಲುಬು ಮಾಡಿ ಮುಚ್ಚುತ್ತದೆ. ಹಾಗಾಗಿ ಬೇಗ ಶುರು ಮಾಡಿದವರು ಬೇಗ ನಿಲ್ಲುತ್ತಾರೆ, ತಡವಾಗಿ ಶುರು ಮಾಡಿದವರು ತಡವಾಗಿ ನಿಲ್ಲುತ್ತಾರೆ.

ಈ ಗಡಿಯಾರ ಎಲ್ಲರಿಗೂ ಒಂದೇ ಹೊತ್ತಿಗೆ ಬಡಿಯುವುದಿಲ್ಲ. ಆರೋಗ್ಯವಾಗಿರುವ ಹುಡುಗಿಯರಲ್ಲಿ 8ರಿಂದ 13 ವರ್ಷದ ನಡುವೆ ಯಾವಾಗ ಬೇಕಾದರೂ ಶುರುವಾಗಬಹುದು, ಹುಡುಗರಲ್ಲಿ 9ರಿಂದ 14ರ ನಡುವೆ. ಐದು ವರ್ಷದ ಅಂತರ ಅದು! ನಿಮ್ಮ ಹುಡುಗನ ಕ್ಲಾಸಿನಲ್ಲಿ 13 ವರ್ಷದವರೇ ಇದ್ದಾರೆ ಅಂದುಕೋ. ಒಬ್ಬನ ಓಟ ಮುಗಿಯುತ್ತಾ ಬಂದಿರುತ್ತದೆ, ಇನ್ನೊಬ್ಬನದು ಶುರುವೇ ಆಗಿರುವುದಿಲ್ಲ. ಇಬ್ಬರ ನಡುವೆ ಒಂದು ಗೇಣು ವ್ಯತ್ಯಾಸ ಕಂಡರೆ ಅದರಲ್ಲಿ ರೋಗ ಏನೂ ಇಲ್ಲ. ಹುಡುಗಿಯರಿಗೆ ಎತ್ತರದ ಓಟ ಸಾಮಾನ್ಯವಾಗಿ ಸುಮಾರು ಎರಡು ವರ್ಷ ಮೊದಲೇ ಶುರುವಾಗುತ್ತದೆ. ಅದಕ್ಕೇ ಆ ಹುಡುಗಿ ಈಗ ಎತ್ತರ ಕಾಣುತ್ತಾಳೆ.

ಆಮೇಲೆ ನನ್ನ ಹಳೇ ನೋಟ್‌ಬುಕ್ಕಿನಿಂದ ಇಬ್ಬರ ಲೆಕ್ಕ ಓದಿದೆ. ಹೆಸರು ಹೇಳಲಿಲ್ಲ. ಎಂಟನೇ ಕ್ಲಾಸಿನ ಜೂನ್‌ನಲ್ಲಿ ಒಬ್ಬ 159 ಸೆಂಟಿಮೀಟರ್, ಇನ್ನೊಬ್ಬ 141. ಹದಿನೆಂಟು ವ್ಯತ್ಯಾಸ. ಒಂಬತ್ತಕ್ಕೆ ಬಂದಾಗ 165 ಮತ್ತು 146. ಇಲ್ಲಿ ಗಮನಿಸು, ಅಂತರ ಇನ್ನೂ ಹೆಚ್ಚಾಯಿತು. ಆ ಸಣ್ಣ ಹುಡುಗ ಅಳುತ್ತಿದ್ದ ವರ್ಷ ಅದೇ. ಹತ್ತಕ್ಕೆ ಬಂದಾಗ 168 ಮತ್ತು 154. ಮೊದಲನೆಯವನು ಆಗಲೇ ನಿಲ್ಲುತ್ತಾ ಬಂದಿದ್ದ. ಪಿಯುಸಿ ಮುಗಿಸಿ ಇಬ್ಬರೂ ಅಂಕಪಟ್ಟಿ ಕೆಲಸಕ್ಕೆ ಶಾಲೆಗೆ ಬಂದಿದ್ದರು. ಗೋಡೆಗೆ ನಿಲ್ಲಿಸಿ ಅಳೆದೆ. 169 ಮತ್ತು 168. ಇದನ್ನು ಓದಿದಾಗ ಸಾಲಿನಲ್ಲಿ ಉಸಿರಿನ ಸದ್ದೂ ಇರಲಿಲ್ಲ.

ಹಾಗಂತ ಎಲ್ಲರೂ ಕೊನೆಗೆ ಸಮ ಆಗುತ್ತಾರೆ ಅಂತ ನಾನು ಹೇಳಲಿಲ್ಲ. ಅದು ಸುಳ್ಳಾಗುತ್ತದೆ. ಕೊನೆಯ ಎತ್ತರ ಬಹಳಮಟ್ಟಿಗೆ ತಂದೆ ತಾಯಿಯಿಂದ ಬರುತ್ತದೆ. ಹುಡುಗನಾದರೆ ಇಬ್ಬರ ಎತ್ತರ ಸೆಂಟಿಮೀಟರಿನಲ್ಲಿ ಕೂಡಿಸಿ, 13 ಸೇರಿಸಿ, ಅರ್ಧ ಮಾಡಬೇಕು. ಹುಡುಗಿಯಾದರೆ 13 ಕಳೆಯಬೇಕು. ನೀನು 152, ನಿಮ್ಮ ಮನೆಯವರು 168 ಅಲ್ವಾ? ನಿನ್ನ ಮಗನಿಗೆ 166 ಚಿಲ್ಲರೆ ಬರುತ್ತದೆ. ಅದಕ್ಕಿಂತ ಸುಮಾರು 8 ಮೇಲೆ ಕೆಳಗೆ ಆದರೂ ಸಹಜವೇ. ನಿಮ್ಮ ಮನೆಯವರೂ ಹತ್ತನೇ ಕ್ಲಾಸಿನವರೆಗೆ ಗಿಡ್ಡ ಇದ್ದರು, ಕಾಲೇಜಿಗೆ ಹೋದ ಮೇಲೆ ಪ್ಯಾಂಟು ಸಾಲದಾಯಿತು ಅಂತ ನಿಮ್ಮ ಅತ್ತೆ ಹೇಳಿದ್ದು ನೆನಪಿದೆ. ತಡವಾಗಿ ಬೆಳೆಯುವುದು ಬಹಳ ಸಲ ಮನೆತನದಲ್ಲೇ ಇರುತ್ತದೆ. ಅವನ ಅಪ್ಪನೇ ಇದನ್ನು ಅವನಿಗೆ ಹೇಳಲಿ.

ಮಾತು ಮುಗಿಸಿ ಪಿಟಿ ಮಾಸ್ತರಿಗೆ ಹೇಳಿ ಎತ್ತರದ ಸಾಲು ತೆಗೆಸಿದೆ. ಈಗ ಹಾಜರಿ ನಂಬರಿನ ಪ್ರಕಾರ ನಿಲ್ಲುತ್ತಾರೆ. ನಿಮ್ಮ ಶಾಲೆಯ ಹೆಡ್‌ಮಾಸ್ತರಿಗೂ ನೀನು ಇದನ್ನು ಕೇಳಬಹುದು, ಸಂಕೋಚ ಬೇಡ.

ಇನ್ನು ಪ್ರಾರ್ಥನೆಯಲ್ಲಿ ಹೇಳದ್ದು, ನಿನಗೆ ಮಾತ್ರ. ಪಕ್ಕದ ಮಗುವಿನ ಜೊತೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಅದೇ ಮಗು ಒಂದು ವರ್ಷದಲ್ಲಿ ಎಷ್ಟು ಬೆಳೆಯಿತು ಅನ್ನುವುದನ್ನು ನೋಡಬೇಕು. ಈ ವಯಸ್ಸಿನಲ್ಲಿ ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸು. 14 ತುಂಬಿದರೂ ದೊಡ್ಡವನಾಗುವ ಯಾವ ಗುರುತೂ ಇಲ್ಲದಿದ್ದರೆ ತೋರಿಸು. ಊಟ ಸೇರದೆ ತೂಕ ಇಳಿಯುತ್ತಿದ್ದರೆ, ಮೇಲಿಂದ ಮೇಲೆ ಭೇದಿ, ಯಾವಾಗಲೂ ಸುಸ್ತು ಇದ್ದರೆ ಕಾಯಬೇಡ. ಅವರು ರಕ್ತ, ಥೈರಾಯ್ಡ್ ನೋಡುತ್ತಾರೆ. ಬೇಕಾದರೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತಾರೆ. ಆ ಮೆತ್ತನೆ ಪದರ ಇನ್ನೂ ಎಷ್ಟು ಉಳಿದಿದೆ ಅಂತ ಅದರಲ್ಲಿ ಕಾಣುತ್ತದೆ. ಸರಿಯಾಗಿ ಉಣ್ಣುವ ಮಗುವಿಗೆ ಡಬ್ಬಿ ಪುಡಿ ಎತ್ತರ ಕೊಡುವುದಿಲ್ಲ, ಕಂಬಿಗೆ ಜೋತು ಬೀಳುವುದೂ ಕೊಡುವುದಿಲ್ಲ. ಅದೇ ದುಡ್ಡಿಗೆ ಮೊಟ್ಟೆ, ಬೇಳೆ, ಹಾಲು ಕೊಡು. ರಾತ್ರಿ ಮೊಬೈಲ್ ಕಸಿದುಕೊಂಡು ಬೇಗ ಮಲಗಿಸು.

ಭಾನುವಾರ ಬೆಳಿಗ್ಗೆ ಅವನನ್ನು ಅಳೆ. ಚಪ್ಪಲಿ ತೆಗೆಸು. ಹಿಮ್ಮಡಿ, ಬೆನ್ನು ಗೋಡೆಗೆ ತಾಗಲಿ, ನೋಟ ನೇರ ಇರಲಿ. ತಲೆಯ ಮೇಲೆ ದಪ್ಪ ಪುಸ್ತಕ ಅಡ್ಡ ಇಟ್ಟು, ಅದರ ಕೆಳಗೆ ಗೋಡೆಯ ಮೇಲೆ ಗೆರೆ ಎಳೆ. ಯಾವಾಗಲೂ ಬೆಳಿಗ್ಗೆಯೇ ಅಳೆಯಬೇಕು. ಸಂಜೆಗೆ ಎಲ್ಲರೂ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರುತ್ತೇವೆ, ಲೆಕ್ಕ ತಪ್ಪುತ್ತದೆ. ಏಳನೇ ಕ್ಲಾಸಿನ ಪ್ರಗತಿ ಪತ್ರದಲ್ಲಿ ಎತ್ತರ ಬರೆದಿದ್ದರೆ ಅದನ್ನೂ ಹುಡುಕಿ ಇಡು. ಮತ್ತೆ ಅವನ ಚಪ್ಪಲಿ ನಂಬರು ಈಚೆಗೆ ಬದಲಾಗಿದೆಯಾ ನೋಡು. ಓಟ ಶುರುವಾಗುವಾಗ ಮೊದಲು ಉದ್ದವಾಗುವುದು ಪಾದ. ಎಲ್ಲಾ ಬರೆದು ಇಲ್ಲೇ ಗ್ರೂಪಿನಲ್ಲಿ ಹಾಕಬೇಡ, ಹುಡುಗ ನೋಡುತ್ತಾನೆ. ನನಗೆ ಫೋನ್ ಮಾಡು.